ಗಂಡು ಅರಸುತ್ತದೆ, ಹೆಣ್ಣು ಆರಿಸುತ್ತದೆ: ಇದು ವಿಕಾಸದ ನಿಯಮವೇ?

ಪ್ರಶ್ನೆ: ಗಂಡಿಗೆ ಹಲವು ಸಂಗಾತಿಗಳು ಬೇಕು, ಹೆಣ್ಣು ಅಳೆದು ತೂಗಿ ಒಬ್ಬನನ್ನು ಆರಿಸಿಕೊಳ್ಳುತ್ತಾಳೆ, ಇದು ವಿಜ್ಞಾನವೇ ಸಾಬೀತು ಮಾಡಿದ ಸಂಗತಿ ಎಂದು ಅನೇಕರು ಹೇಳುತ್ತಾರೆ. ಇದು ಎಷ್ಟರ ಮಟ್ಟಿಗೆ ನಿಜ?

ಉತ್ತರ: ಹೆಣ್ಣಿನ ಆಯ್ಕೆಯೇ ನವಿಲಿನ ಗರಿಯಂಥ ಅಲಂಕಾರಗಳನ್ನು ರೂಪಿಸಿತು ಎಂದು ಡಾರ್ವಿನ್ 1871ರಲ್ಲಿ ವಾದಿಸಿದ್ದರು. ಆದರೆ ನೀವು ಕೇಳಿರುವ ಮಾತಿಗೆ ಪ್ರಯೋಗದ ಆಧಾರವೆಂದು ಬಹುಕಾಲ ತೋರಿಸಲಾದದ್ದು ಇಂಗ್ಲೆಂಡಿನ ಆಂಗಸ್ ಜಾನ್ ಬೇಟ್‌ಮನ್ 1948ರಲ್ಲಿ ಪ್ರಕಟಿಸಿದ ಹಣ್ಣಿನ ನೊಣಗಳ ಅಧ್ಯಯನ. ಮಾಗಿದ ಬಾಳೆಹಣ್ಣಿನ ಸುತ್ತ ಹಾರಾಡುವ ಆ ಸಣ್ಣ ನೊಣಗಳ ಲೆಕ್ಕದಲ್ಲೇ ಈ ಪ್ರಶ್ನೆಯ ಅರ್ಧ ಉತ್ತರವಿದೆ.

ಬೇಟ್‌ಮನ್ ಪ್ರತಿ ಬಾಟಲಿಯಲ್ಲೂ ಮೂರರಿಂದ ಐದು ಗಂಡುಗಳನ್ನೂ ಅಷ್ಟೇ ಹೆಣ್ಣುಗಳನ್ನೂ ಮೂರು ನಾಲ್ಕು ದಿನ ಒಟ್ಟಿಗೆ ಇಟ್ಟರು. ಯಾವ ನೊಣ ಯಾವುದರೊಂದಿಗೆ ಕೂಡಿತು ಎಂಬುದನ್ನು ಅವರು ಕಣ್ಣಾರೆ ನೋಡಲಿಲ್ಲ, ಮರಿಗಳಿಂದ ಊಹಿಸಿದರು. ಸುರುಳಿ ರೆಕ್ಕೆಯಂಥ ಒಂದೊಂದು ವಿಶಿಷ್ಟ ಗುರುತನ್ನು ಪ್ರತಿ ನೊಣವೂ ಹೊತ್ತಿತ್ತು, ಮತ್ತು ಆ ಗುರುತು ಮರಿಗಳಲ್ಲಿ ಅರ್ಧದಷ್ಟಕ್ಕೆ ಮಾತ್ರ ಸಾಗುತ್ತಿತ್ತು. ಹಾಗಾಗಿ ಒಂದು ಜೋಡಿಯ ಮರಿಗಳಲ್ಲಿ ಕಾಲು ಭಾಗ ಅಪ್ಪ ಅಮ್ಮ ಇಬ್ಬರ ಗುರುತನ್ನೂ, ಕಾಲು ಭಾಗ ಅಪ್ಪನದನ್ನು ಮಾತ್ರ, ಕಾಲು ಭಾಗ ಅಮ್ಮನದನ್ನು ಮಾತ್ರ ಪಡೆಯಬೇಕು. ಉಳಿದ ಕಾಲು ಭಾಗದಲ್ಲಿ ಯಾವ ಗುರುತೂ ಇರುವುದಿಲ್ಲ. ಸಂಗಾತಿ ಹೆಚ್ಚಿದಂತೆ ಗಂಡಿನ ಮರಿಗಳು ಹೆಚ್ಚಿದವು, ಹೆಣ್ಣಿಗೆ ಅಂಥ ಲಾಭವಿಲ್ಲ ಎಂಬುದು ಅವರ ತೀರ್ಮಾನ. 1972ರಲ್ಲಿ ರಾಬರ್ಟ್ ಟ್ರಿವರ್ಸ್ ಇದಕ್ಕೆ ವಿಶಾಲವಾದ ಚೌಕಟ್ಟು ಕೊಟ್ಟರು: ಮರಿಗಾಗಿ ಹೆಚ್ಚು ವ್ಯಯಿಸುವ ಲಿಂಗ ಎಚ್ಚರದಿಂದ ಆರಿಸುತ್ತದೆ, ಕಡಿಮೆ ವ್ಯಯಿಸುವ ಲಿಂಗ ಅದಕ್ಕಾಗಿ ಸ್ಪರ್ಧಿಸುತ್ತದೆ.

ಈ ಲೆಕ್ಕದ ಬುಡದಲ್ಲೇ ತೊಡಕಿದೆ. ಇಂತಹ ಗಂಡು ಇಂತಹ ಹೆಣ್ಣಿನೊಡನೆ ಕೂಡಿತು ಎಂದು ಖಚಿತವಾಗಿ ಹೇಳಲು ಎರಡೂ ಗುರುತಿರುವ ಮರಿ ಸಿಗಲೇಬೇಕು. ಆದರೆ ಗುರುತುಗಳಲ್ಲಿ ಕೆಲವು ದೇಹಕ್ಕೆ ಹಾನಿಕರ; ಎರಡು ಒಂದೇ ಮರಿಯಲ್ಲಿ ಸೇರಿದರೆ ಅದು ಬೆಳೆದು ಎಣಿಕೆಗೆ ಸಿಗುವ ಮುನ್ನವೇ ಸಾಯಬಹುದು. ಪೆಟ್ರೀಷಿಯಾ ಗೋವಾಟಿ ಮತ್ತು ಸಂಗಡಿಗರು ಪ್ರಯೋಗವನ್ನು ಮರುಮಾಡಿ 2012ರಲ್ಲಿ ವರದಿ ಮಾಡಿದಾಗ ಕಂಡದ್ದು ಇದನ್ನೇ: ಅಂಥ ಮರಿಗಳು ನಿರೀಕ್ಷಿತ ಕಾಲು ಭಾಗಕ್ಕಿಂತ ಕಡಿಮೆ ಉಳಿದಿದ್ದವು, ಹೀಗಾಗಿ ಸಂಗಾತಿಗಳ ಲೆಕ್ಕವೇ ತಪ್ಪುತ್ತಿತ್ತು. ಬೇಟ್‌ಮನ್ನರ ಮೂಲ ಅಂಕಿಗಳಲ್ಲೂ ತಾಯಂದಿರಿಗಿಂತ ತಂದೆಯರ ಖಾತೆಗೆ ಹೆಚ್ಚು ಮರಿಗಳು ಸೇರಿದ್ದವು. ಪ್ರತಿ ಮರಿಗೂ ಒಬ್ಬ ತಂದೆ, ಒಬ್ಬಳು ತಾಯಿ ಇರಲೇಬೇಕಾದ್ದರಿಂದ ಎರಡು ಮೊತ್ತಗಳೂ ಸಮವಾಗಬೇಕಿತ್ತು. ಇನ್ನೊಂದು ಸಂಗತಿ ನನಗೆ ಹೆಚ್ಚು ಗಂಭೀರವಾಗಿ ತೋರುತ್ತದೆ: ಬೇಟ್‌ಮನ್ ಫಲಿತಾಂಶವನ್ನು ಎರಡು ನಕ್ಷೆಗಳಲ್ಲಿ ಕೊಟ್ಟಿದ್ದರು, ಮೊದಲನೆಯದರಲ್ಲಿ ಹೆಣ್ಣಿಗೂ ಹೆಚ್ಚು ಸಂಗಾತಿಗಳಿಂದ ಸ್ವಲ್ಪ ಲಾಭ ಕಾಣುತ್ತಿತ್ತು, ಆದರೆ ಮುಂದಿನವರು ಹೆಚ್ಚಾಗಿ ಉಲ್ಲೇಖಿಸಿದ್ದು ಎರಡನೆಯದನ್ನು.

ಹಾಗೆಂದು ಇಡೀ ಸಿದ್ಧಾಂತ ಬಿದ್ದುಹೋಗಲಿಲ್ಲ. 66 ಪ್ರಾಣಿ ಪ್ರಭೇದಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಹೆಚ್ಚು ಸಂಗಾತಿಗಳ ಲಾಭ ಸರಾಸರಿಯಲ್ಲಿ ಗಂಡಿಗೇ ಹೆಚ್ಚು ಎಂದು ಕಂಡುಬಂತು. ಸರಾಸರಿ ಎಂಬ ಪದವನ್ನು ಇಲ್ಲಿ ಮರೆಯುವಂತಿಲ್ಲ.

ಹೆಣ್ಣೂ ಹಲವರೊಡನೆ ಏಕೆ ಕೂಡಬಹುದು ಎಂಬುದರ ಸುಳಿವು ನಮ್ಮ ಧಾರವಾಡದ ಕಾಡಿನಲ್ಲಿ ಸಿಕ್ಕಿತ್ತು. 1960ರ ದಶಕದ ಆರಂಭದಲ್ಲಿ ಜಪಾನಿನ ಯುಕಿಮಾರು ಸುಗಿಯಾಮಾ ಅಲ್ಲಿನ ಮುಸುವಗಳನ್ನು ಗಮನಿಸುತ್ತಿದ್ದಾಗ, ಹೊರಗಿನಿಂದ ಬಂದು ಗುಂಪನ್ನು ವಶಪಡಿಸಿಕೊಂಡ ಗಂಡೊಂದು ಅಲ್ಲಿನ ಮರಿಗಳನ್ನು ಕೊಂದದ್ದನ್ನು ದಾಖಲಿಸಿದರು. ಮುಂದೆ ಮೌಂಟ್ ಅಬುವಿನಲ್ಲಿ ಅಧ್ಯಯನ ಮಾಡಿದ ಸಾರಾ ಹರ್ಡಿ, ಹೆಣ್ಣು ಮುಸುವ ಹಲವು ಗಂಡುಗಳೊಡನೆ ಕೂಡುವುದು ತಂದೆ ಯಾರೆಂಬುದನ್ನು ಮಸುಕಾಗಿಸಿ ಮರಿಯನ್ನು ಉಳಿಸಿಕೊಳ್ಳುವ ಉಪಾಯವಾಗಿರಬಹುದು ಎಂದರು. ಮರಿಹತ್ಯೆಗೆ ಕಾರಣ ಗುಂಪಿನ ದಟ್ಟಣೆಯೇ ಎಂದು ವಾದಿಸಿದವರೂ ಇದ್ದರು. ಆದರೂ ಹರ್ಡಿಯವರ ನಂತರ ಹೆಣ್ಣನ್ನು ಗಂಡಿಗಾಗಿ ಸುಮ್ಮನೆ ಕಾಯುವ ಜೀವಿಯಾಗಿ ಚಿತ್ರಿಸುವುದು ಕಷ್ಟವಾಯಿತು.

ಮನುಷ್ಯರ ವಿಷಯದಲ್ಲಿ ವಿವಾದ ಬೇರೆ ರೂಪ ತಾಳುತ್ತದೆ. ಡೇವಿಡ್ ಬಸ್ 37 ಸಂಸ್ಕೃತಿಗಳ ಸುಮಾರು 10,000 ಜನರನ್ನು ಪ್ರಶ್ನಿಸಿ 1989ರಲ್ಲಿ ವರದಿ ಮಾಡಿದರು. ಗಂಡಸರು ರೂಪ ಮತ್ತು ಎಳೆವಯಸ್ಸಿಗೆ, ಹೆಂಗಸರು ಸಂಪಾದನೆಗೆ ಹೆಚ್ಚು ಬೆಲೆ ಕೊಡುತ್ತಾರೆ ಎಂದು ಅದು ಹೇಳಿತು. ಅದೇ ಅಂಕಿಗಳನ್ನು ಆಲಿಸ್ ಈಗ್ಲಿ ಮತ್ತು ವೆಂಡಿ ವುಡ್ 1999ರಲ್ಲಿ ಮತ್ತೆ ಜಾಲಾಡಿ, ಲಿಂಗ ಸಮಾನತೆ ಹೆಚ್ಚಿರುವ ದೇಶಗಳಲ್ಲಿ ಸಂಪಾದನೆ, ವಯಸ್ಸಿನ ಕುರಿತ ಅಂತರ ಕಿರಿದಾಗಿದೆ ಎಂದು ತೋರಿಸಿದರು. ತನ್ನದೇ ದುಡಿಮೆಯ ದಾರಿ ಮುಚ್ಚಿರುವ ಹೆಣ್ಣು ಗಂಡನ ಸಂಬಳವನ್ನು ವಿಚಾರಿಸುವುದಕ್ಕೆ ಆದಿಮಾನವನ ಕಾಲಕ್ಕೆ ಹೋಗಿ ಕಾರಣ ಹುಡುಕಬೇಕಿಲ್ಲ ಎಂಬುದು ಅವರ ವಾದದ ತಿರುಳು. ಆದರೆ 45 ದೇಶಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಂಡು ಹೆಣ್ಣಿನ ಅಂತರ ಮತ್ತೆ ಕಂಡಿತು, ಸಮಾನತೆಯೊಂದಿಗಿನ ನಂಟು ಮುಖ್ಯವಾಗಿ ವಯಸ್ಸಿನ ಅಂತರದಲ್ಲಷ್ಟೇ ಉಳಿಯಿತು. ಅಂತರ ಇದೆ ಎಂಬ ಬಗ್ಗೆ ಎರಡು ಪಕ್ಷಗಳಿಗೂ ಹೆಚ್ಚು ಜಗಳವಿಲ್ಲ. ಅದರಲ್ಲಿ ಎಷ್ಟು ಪಾಲು ಹುಟ್ಟಿನಿಂದ ಬಂದದ್ದು, ಎಷ್ಟು ಪಾಲು ಸಮಾಜ ಹಂಚಿದ ಕೆಲಸದಿಂದ ಬಂದದ್ದು ಎಂಬುದನ್ನು ಪ್ರಶ್ನಾವಳಿಯೊಂದರಿಂದಲೇ ಬೇರ್ಪಡಿಸಲು ಆಗುವುದಿಲ್ಲ.