ಎಂಟನೇ ಸ್ಥಾನಕ್ಕೆ ಯುರೋಪಿನ ಸೀಟು ಏಕೆ ಸಿಗಲಿಲ್ಲ?

2025ರ ಮೇ 17. ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಟೂರ್ನಿಯಾದ ಎಫ್‌ಎ ಕಪ್‌ನ ಫೈನಲ್. 16ನೇ ನಿಮಿಷದಲ್ಲಿ ಎಬೆರೆಚಿ ಎಝೆ ಹೊಡೆದ ಗೋಲಿನಿಂದ ಕ್ರಿಸ್ಟಲ್ ಪ್ಯಾಲೆಸ್ ತಂಡ ಮ್ಯಾಂಚೆಸ್ಟರ್ ಸಿಟಿಯನ್ನು 1-0ರಿಂದ ಸೋಲಿಸಿತು. ಪ್ಯಾಲೆಸ್‌ಗೆ ಅದು ಮೊಟ್ಟಮೊದಲ ದೊಡ್ಡ ಟ್ರೋಫಿ. ಆದರೆ ಅದೇ ಗೋಲು, ಆ ಪಂದ್ಯ ಆಡದೇ ಇದ್ದ ಬ್ರೈಟನ್ ತಂಡಕ್ಕೆ ಯುರೋಪಿನ ಬಾಗಿಲನ್ನು ಮುಚ್ಚಿತು. ಎಂಟು ದಿನ ಬಿಟ್ಟು ಲೀಗ್ ಮುಗಿದಾಗ ಬ್ರೈಟನ್ ಎಂಟನೇ ಸ್ಥಾನದಲ್ಲಿತ್ತು. ಫೈನಲ್‌ನಲ್ಲಿ ಸಿಟಿ ಗೆದ್ದಿದ್ದರೆ ಅದೇ ಎಂಟನೇ ಸ್ಥಾನಕ್ಕೆ ಯುರೋಪಿನ ಮೂರನೇ ಹಂತದ ಟೂರ್ನಿಯಾದ ಕಾನ್ಫರೆನ್ಸ್ ಲೀಗ್‌ನಲ್ಲಿ ಆಡುವ ಅವಕಾಶ ಸಿಗುತ್ತಿತ್ತು.

ಇದು ಹೇಗೆ ಅಂತ ಅರ್ಥವಾಗಬೇಕಾದರೆ ಮೊದಲು ಒಂದು ವಿಷಯ ತಿಳಿದಿರಬೇಕು. ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ ಸೀಟುಗಳನ್ನು ನೇರವಾಗಿ ಕ್ಲಬ್‌ಗಳಿಗೆ ಕೊಡುವುದಿಲ್ಲ. ಒಂದೊಂದು ದೇಶಕ್ಕೆ ಇಷ್ಟು ಅಂತ ಕೊಡುತ್ತದೆ. ಆ ದೇಶದ ಲೀಗ್ ಮತ್ತು ಕಪ್ ಅವನ್ನು ಕ್ಲಬ್‌ಗಳಿಗೆ ಹಂಚುತ್ತವೆ. ಹಾಗಾಗಿ ಒಂದು ಕ್ಲಬ್ ಎರಡು ದಾರಿಯಿಂದ ಎರಡು ಸೀಟು ಗೆದ್ದರೆ, ಅದು ದೊಡ್ಡ ಟೂರ್ನಿಯ ಸೀಟನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಇನ್ನೊಂದು ಸೀಟು ದೇಶದ ಕೈಯಲ್ಲೇ ಉಳಿಯುತ್ತದೆ. ಅದನ್ನು ಲೀಗ್ ಪಟ್ಟಿಯಲ್ಲಿ ಇನ್ನೂ ಯಾವ ಸೀಟೂ ಸಿಗದ ತಂಡಗಳಲ್ಲಿ ಎಲ್ಲಕ್ಕಿಂತ ಮೇಲಿರುವ ತಂಡಕ್ಕೆ ಕೊಡಲಾಗುತ್ತದೆ.

ಇಂಗ್ಲೆಂಡಿನ ಮಾಮೂಲಿ ಲೆಕ್ಕ ಹೀಗಿದೆ. ಪ್ರೀಮಿಯರ್ ಲೀಗ್‌ನ ಮೊದಲ ನಾಲ್ಕು ತಂಡಗಳಿಗೆ ಯುರೋಪಿನ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್. ಐದನೇ ತಂಡಕ್ಕೆ ಎರಡನೇ ಹಂತದ ಟೂರ್ನಿಯಾದ ಯುರೋಪಾ ಲೀಗ್. ಎಫ್‌ಎ ಕಪ್ ಗೆದ್ದವರಿಗೂ ಯುರೋಪಾ ಲೀಗ್. ಲೀಗ್ ಕಪ್ ಎನ್ನುವ ಇನ್ನೊಂದು ಟೂರ್ನಿ ಇದೆ, ಅದನ್ನು ಗೆದ್ದವರಿಗೆ ಕಾನ್ಫರೆನ್ಸ್ ಲೀಗ್‌ನ ಅರ್ಹತಾ ಪಂದ್ಯ. ಒಟ್ಟು ಏಳು ಸೀಟು.

2024-25ರಲ್ಲಿ ಇದಕ್ಕೆ ಇನ್ನೊಂದು ಸೇರಿಕೊಂಡಿತು. ಹಿಂದಿನ ವರ್ಷ ಜಾರಿಗೆ ಬಂದ ನಿಯಮದ ಪ್ರಕಾರ, ಒಂದು ಸೀಸನ್‌ನಲ್ಲಿ ಯಾವ ಎರಡು ದೇಶಗಳ ಕ್ಲಬ್‌ಗಳು ಯುರೋಪಿನಲ್ಲಿ ಚೆನ್ನಾಗಿ ಆಡುತ್ತವೆಯೋ, ಆ ಎರಡು ದೇಶಗಳಿಗೆ ಮುಂದಿನ ಸೀಸನ್‌ಗೆ ಒಂದೊಂದು ಹೆಚ್ಚುವರಿ ಚಾಂಪಿಯನ್ಸ್ ಲೀಗ್ ಸೀಟು. ಗೆಲುವಿಗೆ ಎರಡು ಅಂಕ, ಡ್ರಾಗೆ ಒಂದು, ಮುಂದಿನ ಸುತ್ತು ತಲುಪಿದರೆ ಬೋನಸ್. ಆ ದೇಶದ ಎಲ್ಲಾ ಕ್ಲಬ್‌ಗಳ ಅಂಕ ಕೂಡಿಸಿ, ಯುರೋಪಿನಲ್ಲಿ ಆಡಿದ ಕ್ಲಬ್‌ಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಅಂದರೆ ಒಂದೇ ಒಂದು ಬಲಿಷ್ಠ ಕ್ಲಬ್ ಇದ್ದರೆ ಸಾಲದು, ಉಳಿದವರು ಬೇಗ ಸೋತು ಹೊರಬಿದ್ದರೆ ಸರಾಸರಿ ಕುಸಿಯುತ್ತದೆ. ಆ ವರ್ಷ ಈ ಸೀಟು ಇಂಗ್ಲೆಂಡಿಗೂ ಸ್ಪೇನ್‌ಗೂ ಸಿಕ್ಕಿತು. ಏಪ್ರಿಲ್ 8ರಂದು ಆರ್ಸೆನಲ್ ರಿಯಲ್ ಮ್ಯಾಡ್ರಿಡ್ ತಂಡವನ್ನು 3-0ರಿಂದ ಸೋಲಿಸಿದಾಗ ಇಂಗ್ಲೆಂಡಿನ ಐದನೇ ಸೀಟು ಖಚಿತವಾಯಿತು. ಆರ್ಸೆನಲ್ ಗೆದ್ದರೆ ಐದನೇ ಸ್ಥಾನಕ್ಕೆ ಹೋರಾಡುತ್ತಿರುವ ಎದುರಾಳಿಗಳಿಗೆ ಲಾಭ! ಈ ಪದ್ಧತಿಯಲ್ಲಿ ನನಗೆ ತುಂಬಾ ಇಷ್ಟವಾಗುವ ಸಂಗತಿ ಇದೇ.

ಈಗ ಸೀಟುಗಳನ್ನು ಹಂಚಿ ನೋಡೋಣ. ಲೀಗ್ ಮುಗಿದಾಗ ಮೊದಲ ಐದು ತಂಡಗಳು ಕ್ರಮವಾಗಿ ಲಿವರ್‌ಪೂಲ್, ಆರ್ಸೆನಲ್, ಮ್ಯಾಂಚೆಸ್ಟರ್ ಸಿಟಿ, ಚೆಲ್ಸಿ, ನ್ಯೂಕ್ಯಾಸಲ್. ಈ ಐದೂ ಚಾಂಪಿಯನ್ಸ್ ಲೀಗ್‌ಗೆ. ಆರನೆಯದು ಆಸ್ಟನ್ ವಿಲ್ಲಾ. ನ್ಯೂಕ್ಯಾಸಲ್‌ಗೂ ವಿಲ್ಲಾಗೂ 66 ಅಂಕ. ಗೋಲುಗಳ ವ್ಯತ್ಯಾಸದಲ್ಲಿ ಮಾತ್ರ ವಿಲ್ಲಾ ಹಿಂದೆ ಬಿತ್ತು, ಅಷ್ಟಕ್ಕೇ ಚಾಂಪಿಯನ್ಸ್ ಲೀಗ್ ತಪ್ಪಿಹೋಯಿತು. ಐದನೇ ತಂಡ ಮೇಲಕ್ಕೆ ಹೋದ್ದರಿಂದ ಲೀಗ್‌ನ ಯುರೋಪಾ ಸೀಟು ಆರನೇ ಸ್ಥಾನದ ವಿಲ್ಲಾ ಪಾಲಾಯಿತು.

ಇನ್ನು ಎರಡು ಕಪ್‌ಗಳ ಸೀಟು ಉಳಿದವು. ಲೀಗ್ ಕಪ್ ಗೆದ್ದದ್ದು ನ್ಯೂಕ್ಯಾಸಲ್, ಮಾರ್ಚ್‌ನ ಫೈನಲ್‌ನಲ್ಲಿ ಲಿವರ್‌ಪೂಲ್ ವಿರುದ್ಧ 2-1ರಿಂದ. ಆದರೆ ನ್ಯೂಕ್ಯಾಸಲ್‌ಗೆ ಆಗಲೇ ಚಾಂಪಿಯನ್ಸ್ ಲೀಗ್ ಸಿಕ್ಕಿತ್ತು. ಹಾಗಾಗಿ ಕಾನ್ಫರೆನ್ಸ್ ಲೀಗ್ ಸೀಟು ಪಟ್ಟಿಯಲ್ಲಿ ಕೆಳಗಿಳಿದು ಏಳನೇ ಸ್ಥಾನದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಕ್ಕೆ ಹೋಯಿತು. ಎಫ್‌ಎ ಕಪ್ ಗೆದ್ದ ಪ್ಯಾಲೆಸ್ ಲೀಗ್‌ನಲ್ಲಿ 12ನೇ ಸ್ಥಾನ. ಅದಕ್ಕೆ ಬೇರೆ ಸೀಟು ಇರಲಿಲ್ಲ. ಕಪ್‌ನ ಸೀಟನ್ನು ಅದೇ ತೆಗೆದುಕೊಂಡಿತು, ಕೆಳಗಿಳಿಯಲು ಏನೂ ಉಳಿಯಲಿಲ್ಲ.

ಒಂದು ಕ್ಷಣ ಸಿಟಿ ಗೆದ್ದಿತ್ತು ಅಂತ ಇಟ್ಟುಕೊಳ್ಳಿ. ಸಿಟಿಗೆ ಮೂರನೇ ಸ್ಥಾನದಿಂದ ಚಾಂಪಿಯನ್ಸ್ ಲೀಗ್ ಇದ್ದೇ ಇದೆ. ಎಫ್‌ಎ ಕಪ್‌ನ ಯುರೋಪಾ ಸೀಟು ಏಳನೇ ಸ್ಥಾನದ ಫಾರೆಸ್ಟ್‌ಗೆ ಹೋಗುತ್ತಿತ್ತು. ಆಗ ನ್ಯೂಕ್ಯಾಸಲ್ ಬಿಟ್ಟುಕೊಟ್ಟ ಕಾನ್ಫರೆನ್ಸ್ ಸೀಟು ಇನ್ನೂ ಒಂದು ಮೆಟ್ಟಿಲು ಇಳಿದು ಎಂಟನೇ ಸ್ಥಾನದ ಬ್ರೈಟನ್‌ಗೆ. ಮಧ್ಯದ ಸ್ಥಾನಗಳಲ್ಲಿರುವ ಕ್ಲಬ್‌ಗಳ ಅಭಿಮಾನಿಗಳು ಕಪ್ ಫೈನಲ್‌ನಲ್ಲಿ ದೊಡ್ಡ ತಂಡವೇ ಗೆಲ್ಲಲಿ ಅಂತ ಬಯಸುವುದು ಇದಕ್ಕೇ. ದೊಡ್ಡ ತಂಡ ಗೆದ್ದರೆ ಸೀಟು ಲೀಗ್‌ಗೆ ವಾಪಸ್ ಬರುತ್ತದೆ, ಸಣ್ಣ ತಂಡ ಗೆದ್ದರೆ ಬರುವುದಿಲ್ಲ.

ಮೊದಲು ಹೀಗಿರಲಿಲ್ಲ. ಕಪ್ ಗೆದ್ದವರಿಗೆ ಚಾಂಪಿಯನ್ಸ್ ಲೀಗ್ ಇದ್ದರೆ, ಫೈನಲ್‌ನಲ್ಲಿ ಸೋತ ತಂಡಕ್ಕೆ ಆ ಸೀಟು ಸಿಗುತ್ತಿತ್ತು. 2014ರಲ್ಲಿ ಆರ್ಸೆನಲ್ ಕಪ್ ಗೆದ್ದಾಗ, ಸೋತ ಹಲ್ ಸಿಟಿ ಯುರೋಪಾ ಲೀಗ್‌ಗೆ ಹೋಯಿತು. 2015-16ರಿಂದ ಯುಇಎಫ್‌ಎ ಇದನ್ನು ನಿಲ್ಲಿಸಿ, ಸೀಟು ಲೀಗ್‌ಗೆ ಹೋಗುವಂತೆ ಮಾಡಿತು. ನನ್ನ ಮಟ್ಟಿಗೆ ಇದು ಸರಿಯಾದ ಬದಲಾವಣೆ. ಫೈನಲ್‌ನಲ್ಲಿ ಸೋತವರಿಗಿಂತ, ಇಡೀ ವರ್ಷ 38 ಪಂದ್ಯ ಆಡಿ ಮೇಲೆ ನಿಂತವರ ಹಕ್ಕು ಜಾಸ್ತಿ ಅಲ್ವಾ? ಗೆದ್ದವರ ಹಕ್ಕಿಗೆ ಮಾತ್ರ ಯಾರೂ ಕೈ ಹಾಕಿಲ್ಲ. 2013ರಲ್ಲಿ ವಿಗನ್ ತಂಡ ಸಿಟಿಯನ್ನು ಸೋಲಿಸಿ ಎಫ್‌ಎ ಕಪ್ ಗೆದ್ದಿತು, ಅದೇ ವಾರ ಪ್ರೀಮಿಯರ್ ಲೀಗ್‌ನಿಂದ ಕೆಳಗಿನ ದರ್ಜೆಗೆ ಇಳಿಯಿತು. ಆದರೂ ಮುಂದಿನ ಸೀಸನ್‌ನಲ್ಲಿ ಎರಡನೇ ದರ್ಜೆಯ ಕ್ಲಬ್ ಆಗಿಯೇ ಯುರೋಪಾ ಲೀಗ್ ಆಡಿತು.

ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. 2025ರ ಮೇ 21ರಂದು ಬಿಲ್ಬಾವೊದಲ್ಲಿ ಟಾಟನ್‌ಹ್ಯಾಮ್ ಯುರೋಪಾ ಲೀಗ್ ಗೆದ್ದಿತು. ಪ್ರೀಮಿಯರ್ ಲೀಗ್‌ನಲ್ಲಿ ಅದರ ಸ್ಥಾನ 17. ಕೆಳಗೆ ಉಳಿದದ್ದು ದರ್ಜೆ ಕಳೆದುಕೊಂಡ ಮೂರು ತಂಡಗಳು ಮಾತ್ರ. ಆದರೂ ಟಾಟನ್‌ಹ್ಯಾಮ್‌ಗೆ ಚಾಂಪಿಯನ್ಸ್ ಲೀಗ್ ಸಿಕ್ಕಿತು, ಇಂಗ್ಲೆಂಡಿನ ಆರನೇ ಕ್ಲಬ್ ಆಗಿ. ಇದರಿಂದ ಬೇರೆ ಯಾವ ಇಂಗ್ಲಿಷ್ ತಂಡದ ಸೀಟೂ ಹೋಗಲಿಲ್ಲ. ಏಕೆಂದರೆ ಈ ಸೀಟು ಇಂಗ್ಲೆಂಡಿನದಲ್ಲ, ಯುಇಎಫ್‌ಎ ತಾನೇ ಚಾಂಪಿಯನ್‌ಗೆ ಅಂತ ಬೇರೆಯಾಗಿ ಇಟ್ಟದ್ದು. ದೇಶದ ಸೀಟು ಅಲ್ಲದ್ದರಿಂದ, ಅದು ಬೇಡವಾದಾಗ ದೇಶದ ಪಟ್ಟಿಯಲ್ಲಿ ಕೆಳಗಿಳಿಯುವುದೂ ಇಲ್ಲ. ಅದೇ ವರ್ಷ ಚಾಂಪಿಯನ್ಸ್ ಲೀಗ್ ಗೆದ್ದದ್ದು ಪ್ಯಾರಿಸ್ ಸೇಂಟ್ ಜರ್ಮೇನ್. ಅದು ಫ್ರಾನ್ಸ್‌ನ ಲೀಗ್ ಕೂಡ ಗೆದ್ದಿತ್ತು, ಚಾಂಪಿಯನ್ ಸೀಟು ಅದಕ್ಕೆ ಬೇಕಾಗಲಿಲ್ಲ. ಹಾಗಂತ ಆ ಸೀಟು ಇನ್ನೊಂದು ಫ್ರೆಂಚ್ ಕ್ಲಬ್‌ಗೆ ಹೋಗಲಿಲ್ಲ. ಅರ್ಹತಾ ಸುತ್ತು ಆಡಬೇಕಿದ್ದ ದೇಶೀಯ ಚಾಂಪಿಯನ್‌ಗಳಲ್ಲಿ ಯುರೋಪಿನ ದಾಖಲೆ ಚೆನ್ನಾಗಿದ್ದ ಗ್ರೀಸ್‌ನ ಒಲಿಂಪಿಯಾಕೋಸ್ ನೇರವಾಗಿ ಮುಖ್ಯ ಹಂತಕ್ಕೆ ಬಂತು. ಅಂತೂ ಒಂದು ಸೀಟು ಖಾಲಿಯಾದರೆ ಅದು ಎತ್ತ ಹೋಗುತ್ತದೆ ಎನ್ನುವುದು, ಅದು ಎಲ್ಲಿಂದ ಬಂತು ಎನ್ನುವುದರ ಮೇಲೆ ನಿಂತಿದೆ.

ಇಷ್ಟೆಲ್ಲಾ ಲೆಕ್ಕ ಮುಗಿದ ಮೇಲೂ ಪ್ಯಾಲೆಸ್ ಯುರೋಪಾ ಲೀಗ್ ಆಡಲಿಲ್ಲ. ಕಾರಣ ಮೈದಾನದ ಹೊರಗಿನದು. ಪ್ಯಾಲೆಸ್‌ನಲ್ಲಿ ದೊಡ್ಡ ಪಾಲು ಹೊಂದಿದ್ದ ಅಮೆರಿಕದ ಜಾನ್ ಟೆಕ್ಸ್ಟರ್ ಅವರ ಕಂಪನಿಗೆ ಫ್ರಾನ್ಸ್‌ನ ಲಿಯಾನ್ ಕ್ಲಬ್ ಕೂಡ ಸೇರಿತ್ತು. ಲಿಯಾನ್ ಕೂಡ ಯುರೋಪಾ ಲೀಗ್‌ಗೆ ಅರ್ಹತೆ ಪಡೆದಿತ್ತು. ಒಬ್ಬರೇ ಎರಡು ಕ್ಲಬ್‌ಗಳ ಮೇಲೆ ನಿರ್ಣಾಯಕ ಪ್ರಭಾವ ಹೊಂದಿದ್ದರೆ, ಆ ಎರಡೂ ಒಂದೇ ಟೂರ್ನಿಯಲ್ಲಿ ಆಡುವಂತಿಲ್ಲ. ಪರಸ್ಪರ ಎದುರಾದಾಗ ಪಂದ್ಯದ ಪ್ರಾಮಾಣಿಕತೆಗೆ ಧಕ್ಕೆ ಬರಬಾರದು ಅಂತ ಈ ನಿಯಮ. ಇಬ್ಬರೂ ಒಂದೇ ಟೂರ್ನಿಗೆ ಬಂದರೆ, ತನ್ನ ದೇಶದ ಲೀಗ್‌ನಲ್ಲಿ ಮೇಲಿನ ಸ್ಥಾನ ಪಡೆದ ಕ್ಲಬ್‌ಗೆ ಆದ್ಯತೆ. ಲಿಯಾನ್ ಫ್ರಾನ್ಸ್‌ನಲ್ಲಿ ಆರನೆಯದು, ಪ್ಯಾಲೆಸ್ ಇಂಗ್ಲೆಂಡಿನಲ್ಲಿ 12ನೆಯದು. ಕಪ್ ಗೆದ್ದೆವು ಎನ್ನುವುದು ಇಲ್ಲಿ ಲೆಕ್ಕಕ್ಕೇ ಬರಲಿಲ್ಲ.

ಜುಲೈ 11ರಂದು ಯುಇಎಫ್‌ಎ ಪ್ಯಾಲೆಸ್ ತಂಡವನ್ನು ಕಾನ್ಫರೆನ್ಸ್ ಲೀಗ್‌ಗೆ ಇಳಿಸಿತು. ಅಲ್ಲಿದ್ದ ಫಾರೆಸ್ಟ್ ಯುರೋಪಾ ಲೀಗ್‌ಗೆ ಏರಿತು. ಸೀಟು ದೇಶದ್ದು ಎನ್ನುವ ಮೂಲ ತತ್ವ ಇಲ್ಲೂ ಕೆಲಸ ಮಾಡಿದ್ದನ್ನು ಗಮನಿಸಿ. ಎರಡು ಕ್ಲಬ್‌ಗಳು ಜಾಗ ಬದಲಿಸಿಕೊಂಡವು, ಇಂಗ್ಲೆಂಡಿನ ಒಟ್ಟು ಸೀಟು ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಬ್ರೈಟನ್‌ಗೆ ಮತ್ತೆ ಏನೂ ಸಿಗಲಿಲ್ಲ. ಪ್ಯಾಲೆಸ್ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು, ಆಗಸ್ಟ್ 11ರಂದು ಅಲ್ಲೂ ಸೋತಿತು. ಅಷ್ಟರಲ್ಲಿ ಟೆಕ್ಸ್ಟರ್ ತಮ್ಮ ಪಾಲನ್ನು ಮಾರಿ ಆಗಿತ್ತು. ಆದರೆ ಮಾಲೀಕತ್ವವನ್ನು ಸರಿಮಾಡಿಕೊಳ್ಳಲು ಕೊನೆಯ ದಿನ ಮಾರ್ಚ್ 1 ಆಗಿತ್ತು. ಹೊಸ ಸೀಸನ್‌ಗೆ ತಯಾರಾಗಲು ಎಲ್ಲರಿಗೂ ಸಮಯ ಬೇಕು, ಹಾಗಾಗಿ ಒಂದು ಗಡುವು ಇರಲೇಬೇಕು, ನಿಜ. ಆದರೆ ಲೀಗ್ ಸ್ಥಾನದಿಂದ ಬರುವ ಸೀಟು ಮಾರ್ಚ್ ಹೊತ್ತಿಗೆ ಸ್ವಲ್ಪ ಮಟ್ಟಿಗಾದರೂ ಕಣ್ಣಿಗೆ ಕಾಣುತ್ತದೆ, ಕಪ್‌ನಿಂದ ಬರುವ ಸೀಟು ಕಾಣುವುದಿಲ್ಲ. ಆ ಮಾರ್ಚ್ 1ರಂದು ಪ್ಯಾಲೆಸ್ ಮೈದಾನದಲ್ಲಿತ್ತು, ಮಿಲ್‌ವಾಲ್ ವಿರುದ್ಧ ಎಫ್‌ಎ ಕಪ್‌ನ ಐದನೇ ಸುತ್ತು ಆಡುತ್ತಿತ್ತು. ಕ್ವಾರ್ಟರ್‌ಫೈನಲ್, ಸೆಮಿಫೈನಲ್, ಫೈನಲ್ ಮೂರೂ ಇನ್ನೂ ಬಾಕಿ ಇದ್ದವು.