ಸ್ಟೋರ್ ಮುಗಿಸದೆ ತಿಂಗಳ ಲೆಕ್ಕ ಮುಗಿಯದು

ತಿಂಗಳ ಕೊನೆಯ ಚೆಕ್‌ಲಿಸ್ಟ್ ಎಂದರೆ ಹೆಚ್ಚಿನ ಕಡೆ ಕೆಲಸಗಳ ಪಟ್ಟಿ ಅಷ್ಟೇ. ಯಾವ ಕೆಲಸ ಮುಗಿದ ಮೇಲೆ ಯಾವುದಕ್ಕೆ ಕೈ ಹಾಕಬೇಕು ಎಂಬುದು ಅದರಲ್ಲಿ ಇರುವುದಿಲ್ಲ. ಇದರ ಪೆಟ್ಟು ಜೋರಾಗಿ ಬೀಳುವುದು, ಮಾಲು ಬಂದು ಬಿಲ್ ಇನ್ನೂ ಬಾರದ ಖರೀದಿಗಳ ಮೇಲೆ.

30ನೇ ತಾರೀಖು ಸಂಜೆ 200 ಬಿಡಿಭಾಗಗಳು ಬಂದವು ಎನ್ನಿ. ಆರ್ಡರ್ ದರ ತಲಾ 450, ಒಟ್ಟು 90,000. ಸ್ಟೋರ್‌ನವರು ಮಾಲು ಇಳಿಸಿಕೊಂಡರು, ಎಂಟ್ರಿ ಮಾತ್ರ ಮಾರನೇ ದಿನ 1ನೇ ತಾರೀಖಿನಲ್ಲಿ ಹಾಕಿದರು. 30ರ ರಾತ್ರಿಯೇ ದಾಸ್ತಾನು ಎಣಿಸಿದಾಗ ಈ 200 ಎಣಿಕೆಗೆ ಸಿಕ್ಕವು, ಪುಸ್ತಕದಲ್ಲಿ ಇರಲಿಲ್ಲ. ಲೆಕ್ಕಿಗರು ಅದನ್ನು ಎಣಿಕೆಯ ಹೆಚ್ಚುವರಿ ಎಂದು ಹೊಂದಿಸಿದರೆ ಮಾರಾಟದ ವೆಚ್ಚ 90,000 ಇಳಿದು ಲಾಭ ಅಷ್ಟೇ ಏರುತ್ತದೆ. 1ರ ಎಂಟ್ರಿಯಿಂದ ಅದೇ ಮಾಲು ಪುಸ್ತಕಕ್ಕೆ ಎರಡನೇ ಸಲ ಸೇರುತ್ತದೆ. ಮುಂದಿನ ಎಣಿಕೆಯಲ್ಲಿ 200 ಕಡಿಮೆ ಬೀಳುತ್ತದೆ. ಒಂದು ತಿಂಗಳು ಹೆಚ್ಚು, ಮರುತಿಂಗಳು ಅಷ್ಟೇ ಕಡಿಮೆ ಕಂಡರೆ ಕಳ್ಳತನ ಹುಡುಕುವ ಮೊದಲು ಮಾಲು ಬಂದ ತಾರೀಖುಗಳನ್ನು ನೋಡಿ.

ಆದ್ದರಿಂದ ಪಟ್ಟಿಯ ಪ್ರತಿ ಸಾಲಿಗೂ ಮೂರು ವಿವರ ಬೇಕು: ಅದಕ್ಕೆ ಮೊದಲು ಯಾವ ಸಾಲು ಮುಗಿದಿರಬೇಕು, ಹೊಣೆ ಯಾರದು, ಗಡುವು ಯಾವಾಗ. ಹೊಣೆಯ ಜಾಗದಲ್ಲಿ ವಿಭಾಗದ ಹೆಸರು ಬೇಡ, ಒಬ್ಬ ವ್ಯಕ್ತಿಯ ಹೆಸರಿರಲಿ; ಅವರು ರಜೆಯಲ್ಲಿದ್ದರೆ ಯಾರು ಎಂಬುದೂ ಇರಲಿ.

ಕೊನೆಯ ದಿನದ ಮಾಲಿನ ಎಂಟ್ರಿಗಳನ್ನು, ಮಾಲು ಬಂದ ದಿನದ ತಾರೀಖಿನಲ್ಲೇ, ಸ್ಟೋರ್ ಕೀಪರ್ ಮೊದಲ ಕೆಲಸದ ದಿನ ಮಧ್ಯಾಹ್ನದೊಳಗೆ ಮುಗಿಸಬೇಕು. ಗೇಟ್ ರಿಜಿಸ್ಟರ್‌ನ ಕೊನೆಯ ನಂಬರಿಗೂ ಎಂಟ್ರಿ ಆಗಿದೆಯೇ ಎಂದು ಅವರೇ ತಾಳೆ ನೋಡಿ ಸಹಿ ಹಾಕಲಿ. ಎರಡನೇ ದಿನ ಖರೀದಿ ಬಿಲ್ ನೋಡುವವರು ಕೈಗೆ ಬಂದಿರುವ ಬಿಲ್‌ಗಳನ್ನು ಹಾಕಿ ನಿಲ್ಲಿಸುತ್ತಾರೆ. ಉಳಿದ ಮಾಲಿಗೆ ದಾಸ್ತಾನು ಡೆಬಿಟ್, ‘ಬಿಲ್ ಬಾರದ ಮಾಲು’ ಖಾತೆ ಕ್ರೆಡಿಟ್. ದಾಸ್ತಾನಿನ ಬೆಲೆ ಕಟ್ಟುವುದು ಮೂರನೇ ದಿನ, ಲಾಭದ ಪರಿಶೀಲನೆ ನಾಲ್ಕನೇ ದಿನ. ಐದನೇ ದಿನ ತಿಂಗಳಿಗೆ ಬೀಗ. ಬ್ಯಾಂಕ್ ತಾಳೆ, ಸವಕಳಿ ಇವು ಸ್ಟೋರ್‌ಗಾಗಿ ಕಾಯಬೇಕಿಲ್ಲ, ಮೊದಲ ದಿನವೇ ಶುರುವಾಗಲಿ.

ಈ ಕ್ರೆಡಿಟ್ ಅನ್ನು ಸಾಫ್ಟ್‌ವೇರೇ ಹಾಕಿದೆಯೋ ಕೈಯಿಂದ ಹಾಕಿದ್ದೋ ಎಂದು ತಿಳಿದಿರಬೇಕು. ಕೈಯಿಂದ ಹಾಕಿದ್ದನ್ನು ಮುಂದಿನ ತಿಂಗಳ 1ಕ್ಕೆ ತಿರುಗಿಸದಿದ್ದರೆ, ಬಿಲ್ ಹಾಕಿದಾಗ ಅದೇ ಖರೀದಿ ಎರಡು ಸಲ ಬರುತ್ತದೆ. ಸಾಫ್ಟ್‌ವೇರ್ ಹಾಕಿದ್ದು ಬಿಲ್ ಜೋಡಿಸಿದಾಗ ತಾನೇ ಕಳೆಯುತ್ತದೆ. ಅದನ್ನೂ ಕೈಯಿಂದ ತಿರುಗಿಸಿದರೆ ಖಾತೆಯಲ್ಲಿ ಡೆಬಿಟ್ ಉಳಿದುಬಿಡುತ್ತದೆ. ಈ ಖಾತೆಯ ಬಾಕಿಯನ್ನು ಆರ್ಡರ್‌ವಾರು ತೆಗೆದು, 60 ದಿನ ದಾಟಿದ ಸಾಲುಗಳನ್ನು ಖರೀದಿ ವಿಭಾಗಕ್ಕೆ ಕಳಿಸಿ. ಕ್ರೆಡಿಟ್ ಉಳಿದಿದ್ದರೆ ಹೆಚ್ಚಾಗಿ ಬಿಲ್ ಬಂದಿಲ್ಲ, ಇಲ್ಲವೇ ಆರ್ಡರ್‌ಗೆ ಜೋಡಿಸದೆ ನೇರ ಖರ್ಚಿಗೆ ಹಾಕಲಾಗಿದೆ. ಡೆಬಿಟ್ ಇದ್ದರೆ ಮಾಲಿನ ಎಂಟ್ರಿಯೇ ಆಗಿಲ್ಲವೇ ಎಂದು ಮೊದಲು ಸ್ಟೋರ್‌ನಲ್ಲಿ ವಿಚಾರಿಸಿ.