ಮಂಡಿ 85 ಡಿಗ್ರಿ ಅಂದರೆ ಏನು?

“ಮಂಡಿ 85. ನೋವು ಕಡಿಮೆ. ವ್ಯಾಯಾಮ ಮಾಡಿಸಲಾಯಿತು. ಸುಧಾರಣೆ ಇದೆ.”

ಫಿಸಿಯೋಥೆರಪಿಯ ಟಿಪ್ಪಣಿಗಳು ಎಷ್ಟೋ ಸಲ ಹೀಗೇ ಇರುತ್ತವೆ. ಇಂಥ ಹನ್ನೆರಡು ಚೀಟಿಗಳನ್ನು ಒಂದರ ಕೆಳಗೊಂದು ಅಂಟಿಸಿದರೆ ರೋಗಿ ಹನ್ನೆರಡು ಸಲ ಬಂದಿದ್ದರೆಂದು ಗೊತ್ತಾಗುತ್ತದೆ, ಅಷ್ಟೇ. “ಸುಧಾರಣೆ ಇದೆ” ಅನ್ನುವುದು ಹಾರೈಕೆಯ ಮಾತು. ಇದ್ದುದರಲ್ಲಿ ಗಟ್ಟಿಯಾಗಿ ಕಾಣುವುದು 85 ಅನ್ನುವ ಅಂಕಿಯೊಂದೇ. ಕೆದಕಿ ನೋಡಿದರೆ ಅದೂ ಅಲುಗಾಡುತ್ತದೆ.

ಮೊದಲನೆಯದಾಗಿ, ಆ ಮಂಡಿಯನ್ನು ಅಳೆದಾಗ ರೋಗಿ ಹೇಗೆ ಮಲಗಿದ್ದರು? ತೊಡೆಯ ಮುಂಭಾಗದ ನಾಲ್ಕು ಸ್ನಾಯುಗಳಲ್ಲಿ ಒಂದು ಸೊಂಟದ ಕೀಲನ್ನೂ ದಾಟಿ ಮೇಲಕ್ಕೆ ಹೋಗುತ್ತದೆ. ಬೋರಲು ಮಲಗಿ ಮಂಡಿ ಮಡಚಿದರೆ ಅದು ಎರಡೂ ತುದಿಗಳಲ್ಲಿ ಎಳೆಯಲ್ಪಡುತ್ತದೆ. ಅಂಗಾತ ಮಲಗಿ ಹಿಮ್ಮಡಿಯನ್ನು ಪೃಷ್ಠದ ಕಡೆಗೆ ಜಾರಿಸಿದರೆ ಸೊಂಟವೂ ಮಡಚಿಕೊಳ್ಳುವುದರಿಂದ ಮೇಲಿನ ತುದಿ ಸಡಿಲವಾಗುತ್ತದೆ. ಎರಡು ರಾಟೆಗಳ ಮೇಲೆ ಹಾದುಹೋಗುವ ಹಗ್ಗ ಇದ್ದಂತೆ: ಒಂದು ಕಡೆ ಸಡಿಲ ಬಿಟ್ಟರೆ ಇನ್ನೊಂದು ಕಡೆ ಎಳೆಯಲು ಹಗ್ಗ ಸಿಗುತ್ತದೆ. ಹಾಗಾಗಿ ಅದೇ ಮಂಡಿ, ಅದೇ ದಿನ, ಬೋರಲಾಗಿ ಒಂದು ಅಂಕಿ ಕೊಟ್ಟರೆ ಅಂಗಾತವಾಗಿ ಅದಕ್ಕಿಂತ ದೊಡ್ಡ ಅಂಕಿ ಕೊಡಬಹುದು.

ಸೊನ್ನೆ ಎಲ್ಲಿದೆ ಅನ್ನುವುದು ಎರಡನೆಯ ತಕರಾರು. ಒಂದು ಕಾಲದಲ್ಲಿ ನೆಟ್ಟಗಿರುವ ಕಾಲನ್ನು ಕೆಲವರು 180 ಎಂದೂ ಕೆಲವರು 0 ಎಂದೂ ಬರೆಯುತ್ತಿದ್ದರು. 1936ರಲ್ಲಿ ಕೇವ್ ಮತ್ತು ರಾಬರ್ಟ್ಸ್ ಎಂಬ ಇಬ್ಬರು ವೈದ್ಯರು ನೆಟ್ಟಗಿನ ಸ್ಥಿತಿಯನ್ನೇ ಸೊನ್ನೆ ಎಂದಿಟ್ಟುಕೊಳ್ಳುವ ಪದ್ಧತಿಯನ್ನು ಮುಂದಿಟ್ಟರು. 1965ರಲ್ಲಿ ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕರ ಅಕಾಡೆಮಿ ಅದರ ಮೇಲೆ ಕೈಪಿಡಿ ತಂದಿತು. ಇಷ್ಟಾದ ಮೇಲೂ “-10” ಎಂದು ಬರೆಯುವ ಚಾಳಿ ಉಳಿದುಕೊಂಡಿದೆ. ಒಬ್ಬರಿಗೆ ಅದು ಕಾಲು ನೆಟ್ಟಗಾಗಲು 10 ಡಿಗ್ರಿ ಬಾಕಿ ಎಂದು, ಇನ್ನೊಬ್ಬರಿಗೆ 10 ಡಿಗ್ರಿ ಹಿಂದಕ್ಕೆ ಬಾಗುತ್ತದೆ ಎಂದು! ಮೂರು ಅಂಕಿಗಳಲ್ಲಿ ಬರೆದರೆ ಗೊಂದಲವೇ ಇಲ್ಲ. 5-0-135 ಅಂದರೆ ಸೊನ್ನೆಯಿಂದ ಹಿಂದಕ್ಕೆ 5, ಮುಂದಕ್ಕೆ 135. 0-10-85 ಅಂದರೆ ಮಂಡಿ ಸೊನ್ನೆಯನ್ನು ಮುಟ್ಟುವುದೇ ಇಲ್ಲ, 10ರಿಂದ 85ರವರೆಗೆ ಮಾತ್ರ ಆಡುತ್ತದೆ. ಚೌಕಟ್ಟಿಗೆ ತಾಗದೆ ಸ್ವಲ್ಪ ತೆರೆದೇ ನಿಂತ ಬಾಗಿಲಿನ ಹಾಗೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಮೂರನೆಯದು. ಪ್ರತಿ ಕೋನವನ್ನೂ ಎರಡು ಸಲ ಅಳೆಯಬೇಕು: ರೋಗಿ ತಾನಾಗಿ ಎಷ್ಟು ಚಲಿಸಿದರು, ಫಿಸಿಯೋ ಕೈಯಿಟ್ಟು ಚಲಿಸಿದಾಗ ಎಷ್ಟಾಯಿತು. ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಯಾಗಿ ಮೂರು ವಾರ ಕಳೆದ ವ್ಯಕ್ತಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ಅಂಗಾತ ಮಲಗಿದಾಗ, ವ್ಯಾಯಾಮಕ್ಕೆ ಮೊದಲು, ತಾನಾಗಿ 0-18-78, ಕೈಯಿಟ್ಟಾಗ 0-10-85. ಕಾಲು ಚಾಚುವ ತುದಿಯನ್ನು ನೋಡಿ. ಕೈಯಿಟ್ಟರೂ ಉಳಿಯುವ 10 ಡಿಗ್ರಿ ಕೀಲಿನ ಹಾಗೂ ಅದರ ಸುತ್ತಲಿನ ಬಿಗಿತ. 18ಕ್ಕೂ 10ಕ್ಕೂ ನಡುವಿನ 8 ಡಿಗ್ರಿಯ ಕಥೆಯೇ ಬೇರೆ: ದಾರಿ ತೆರೆದಿದೆ, ಅಲ್ಲಿಗೆ ಎಳೆದೊಯ್ಯುವ ಕಸುವು ತೊಡೆಯ ಸ್ನಾಯುವಿಗೆ ಬಂದಿಲ್ಲ. ಬಾಗಿಲು ಬಿಗಿಯಾಗಿದ್ದರೆ ತಿರುಗಣಿ ನೋಡಬೇಕು, ತಳ್ಳುವ ಕೈ ಸೋತಿದ್ದರೆ ಕೈಯನ್ನು ಬಲಪಡಿಸಬೇಕು.

ವ್ಯಾಯಾಮದ ಅಂಕಣ ಇಲ್ಲಿಂದಲೇ ಹುಟ್ಟುತ್ತದೆ. 10 ಡಿಗ್ರಿಯ ಎದುರಿಗೆ: ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಮಂಡಿಯನ್ನು ತಾನಾಗಿ ಇಳಿಯಲು ಬಿಡುವುದು, 10 ನಿಮಿಷ, ದಿನಕ್ಕೆ 3 ಸಲ. 8 ಡಿಗ್ರಿಯ ಎದುರಿಗೆ: ಮಂಡಿಯ ಕೆಳಗೆ ಸುರುಳಿ ಇಟ್ಟು ಹಿಮ್ಮಡಿ ಎತ್ತುವುದು, 5 ಸೆಕೆಂಡ್ ಹಿಡಿತ, 10 ಸಲ, 3 ಸುತ್ತು. ಹೇಳಿಕೊಟ್ಟದ್ದು ಎಷ್ಟು, ಮನೆಯಲ್ಲಿ ನಿಜವಾಗಿ ಮಾಡಿದ್ದು ಎಷ್ಟು ಎಂಬುದಕ್ಕೆ ಎರಡು ಬೇರೆ ಅಂಕಣಗಳಿರಲಿ. ಅದಿಲ್ಲದಿದ್ದರೆ ವ್ಯಾಯಾಮ ಫಲಿಸಲಿಲ್ಲವೋ, ನಡೆಯಲೇ ಇಲ್ಲವೋ ಗೊತ್ತಾಗುವುದಿಲ್ಲ. ನೋವನ್ನು 0ಯಿಂದ 10ರ ಅಳತೆಯಲ್ಲಿ ಎರಡು ಸಲ ಕೇಳಬೇಕು, ಮಾಡುವಾಗ ಮತ್ತು ಮರುದಿನ ಬೆಳಿಗ್ಗೆ. ಹೆಚ್ಚು ನೋಯಿಸಿಕೊಂಡಷ್ಟೂ ಬೇಗ ಗುಣ ಅನ್ನುವ ಮೂಢನಂಬಿಕೆ ಇನ್ನೂ ಜೀವಂತವಾಗಿದೆ. ಮರುದಿನವೂ ನೋವು ಏರಿಯೇ ಇದ್ದು ಮಂಡಿ ಊದಿದ್ದರೆ ಪ್ರಮಾಣ ಜಾಸ್ತಿಯಾಯಿತೆಂದು ಅರ್ಥ.

ಈ ಜೋಡಣೆಯ ಹಿಂದಿರುವ ಯೋಚನೆ ಹಳೆಯದು. 1968ರಲ್ಲಿ ಲಾರೆನ್ಸ್ ವೀಡ್ ಎಂಬ ಅಮೆರಿಕದ ವೈದ್ಯರು ರೋಗಿಯ ಕಡತವನ್ನು ಸಮಸ್ಯೆಗಳ ಪ್ರಕಾರ ಕಟ್ಟಬೇಕೆಂದು ವಾದಿಸಿದರು. ರೋಗಿ ಹೇಳಿದ್ದು, ಅಳೆದು ಕಂಡದ್ದು, ತೀರ್ಮಾನ, ಯೋಜನೆ ಎಂಬ ನಾಲ್ಕು ಭಾಗಗಳ ಟಿಪ್ಪಣಿ ಅಲ್ಲಿಂದಲೇ ಬಂತು. ನಾಲ್ಕು ಭಾಗ ಎಲ್ಲರಿಗೂ ನೆನಪಿದೆ, ಸಮಸ್ಯೆಯ ಪ್ರಕಾರ ಕಟ್ಟುವುದು ಮರೆತುಹೋಗಿದೆ.

ಮತ್ತೆ ನಮ್ಮ ಮಂಡಿಗೆ. ನಾಲ್ಕನೆಯ ವಾರದ ಒಂದು ಟಿಪ್ಪಣಿಯಲ್ಲಿ 94 ಎಂದಿದೆ, ಎರಡು ದಿನ ಬಿಟ್ಟು 82. ರೋಗಿಗೆ ಗಾಬರಿ, ಮನೆಯವರಿಗೆ ಇನ್ನೂ ಗಾಬರಿ. ವಿಚಾರಿಸಿದರೆ 94 ಬಂದದ್ದು ವ್ಯಾಯಾಮ ಮುಗಿದ ಮೇಲೆ, ಕುಳಿತ ಭಂಗಿಯಲ್ಲಿ, ಕೈಯಿಂದ ಒತ್ತಿದಾಗ. 82 ಬಂದದ್ದು ಅಂಗಾತ, ವ್ಯಾಯಾಮಕ್ಕೆ ಮೊದಲು, ತಾನಾಗಿ. ಹಾಗಾದರೆ 82 ಹೋಲಿಸಬೇಕಾದದ್ದು ಮೂರನೆಯ ವಾರದ 78ರೊಂದಿಗೆ. ಮಂಡಿ ಹಿಂದೆ ಬಿದ್ದಿಲ್ಲ. ಆದರೆ ಆ 4 ಡಿಗ್ರಿಯನ್ನು ಏರಿಕೆ ಎಂದು ಸಂಭ್ರಮಿಸುವಂತೆಯೂ ಇಲ್ಲ. ಕೀಲಿನ ಕೋನ ಅಳೆಯುವ ಗೋನಿಯೋಮೀಟರಿನಲ್ಲಿ ಒಬ್ಬರೇ ಅಳೆದರೂ ಸುಮಾರು 5 ಡಿಗ್ರಿ ಆಚೀಚೆಯಾಗುವುದು ಮಾಮೂಲು, ಅಳೆಯುವ ಕೈ ಬದಲಾದರೆ ಇನ್ನೂ ಹೆಚ್ಚು. ಉಪಕರಣದ ನಡುಬಿಂದು ಮಂಡಿಯ ಹೊರಬದಿಯ ಎಲುಬಿನ ಉಬ್ಬಿನ ಮೇಲೆ, ಒಂದು ತೋಳು ಸೊಂಟದ ಪಕ್ಕದ ಎಲುಬಿನ ಗುಬ್ಬಿಯ ಕಡೆಗೆ, ಇನ್ನೊಂದು ಪಾದದ ಹೊರಗಿಣ್ಣಿನ ಕಡೆಗೆ ಇರಬೇಕು. ಸೊಂಟದ ಗುಬ್ಬಿಯನ್ನು ಬಟ್ಟೆಯ ಮೇಲಿಂದ ಅಂದಾಜು ಮಾಡಿದರೆ ತಪ್ಪು ಅಲ್ಲೇ ನುಸುಳುತ್ತದೆ. ಹಳೆಯ ದಾಖಲೆಯನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ: ಎಲ್ಲ ಕೋನಗಳೂ 0 ಅಥವಾ 5ರಲ್ಲೇ ಮುಗಿಯುತ್ತಿದ್ದರೆ ಅವು ಕಣ್ಣಂದಾಜಿನವು ಎಂದು ಅನುಮಾನಿಸಬಹುದು.

ಗುರಿಯ ಸಾಲು ಡಿಗ್ರಿಯಲ್ಲಿ ಮುಗಿಯಬಾರದು. ಇವರ ಗುರಿ ಹೀಗಿತ್ತು: ಎಂಟನೆಯ ವಾರದೊಳಗೆ 45 ಸೆಂ.ಮೀ. ಎತ್ತರದ ಕುರ್ಚಿಯಿಂದ ಕೈಯೂರದೆ ಏಳುವುದು. ಅದಕ್ಕೆ ಮಂಡಿ ಸುಮಾರು 95-100 ಮಡಚಬೇಕು, ಕೋನಕ್ಕೆ ಅರ್ಥ ಬರುವುದು ಅಲ್ಲಿ. ಫಲಿತಾಂಶವನ್ನು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದರು ಎಂದು ಎಣಿಸಿ ಬರೆಯಬೇಕು. ಕೈಯೂರಿದರೆ ಆ ಪರೀಕ್ಷೆಯ ನಿಯಮದ ಪ್ರಕಾರ ಅಂಕ ಸೊನ್ನೆ. ಮೂರನೆಯ ವಾರದಲ್ಲಿ ಬಂದದ್ದು ಸೊನ್ನೆಯೇ.

ಎಂಟನೆಯ ವಾರದ ಸಾಲು: ಅಂಗಾತ, ವ್ಯಾಯಾಮಕ್ಕೆ ಮೊದಲು, ತಾನಾಗಿ 0-6-101, ಕೈಯಿಟ್ಟಾಗ 0-4-106. ಕುರ್ಚಿಯಿಂದ 9 ಸಲ. ಗುರಿ ಮುಟ್ಟಿದೆ. ಆದರೆ “ಮೆಟ್ಟಿಲು ಇಳಿಯುವುದು ಎಷ್ಟು ಸಲೀಸು” ಎಂಬ ಪ್ರಶ್ನೆಗೆ ಅವರು 10ಕ್ಕೆ ಕೊಟ್ಟ ಅಂಕ 4, ಐದನೆಯ ವಾರದಲ್ಲಿ ಇದ್ದಷ್ಟೇ. ಇಳಿಯಲು ಬೇಕಾದ ಕೋನ ಈಗ ಕೈಯಲ್ಲಿದೆ. ಮೇಲಿನ ಮೆಟ್ಟಿಲಲ್ಲಿ ಉಳಿದ ಕಾಲಿನ ತೊಡೆ ಮೈಭಾರವನ್ನು ತಡೆದು ನಿಧಾನವಾಗಿ ಇಳಿಸಬೇಕು, ಕೊರತೆ ಅಲ್ಲಿ. ಮಡಚಿಸುವ ವ್ಯಾಯಾಮದ ಸಾಲಿಗೆ ಗೆರೆ ಎಳೆದು, ಅದರ ಕೆಳಗೆ ಹೊಸ ಸಾಲು: 10 ಸೆಂ.ಮೀ. ಹಲಗೆಯಿಂದ ನಿಧಾನ ಇಳಿತ, ಪಕ್ಕದ ಕಂಬಿಗೆ ಬೆರಳ ತುದಿಯ ಆಸರೆ, 8 ಸಲ, 2 ಸುತ್ತು.